ಎರಡನೇ ಸಲ ನೆಗೆಟಿವ್ ಬಂತಲ್ಲ, ಇನ್ನೇನು?

ಮೇಷ್ಟ್ರು ನನ್ನ ಮೇಜಿನ ಮೇಲೆ ಮಲದಲ್ಲಿ ರಕ್ತ ಇದೆಯಾ ಎಂದು ನೋಡಿದ ಎರಡು ರಿಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟರು. "ಇದು 2023ರ ಸೆಪ್ಟೆಂಬರ್‌ದು, ಪಾಸಿಟಿವ್. ಇದು ಅಕ್ಟೋಬರ್‌ದು, ನೆಗೆಟಿವ್. ಆಮೇಲೆ ಬಂದಿದ್ದು ನೆಗೆಟಿವ್ ತಾನೇ? ಮಗಳು ಬಿಡಲಿಲ್ಲ ಅಂತ ಬಂದೆ ಡಾಕ್ಟ್ರೇ, ಇಲ್ಲದಿದ್ರೆ ಬರ್ತಿರಲಿಲ್ಲ."

ಆಗ 2024ರ ಜೂನ್. ಅವರಿಗೆ 61 ವರ್ಷ. ಸಾಗರದ ಕಡೆಯವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಸ್ವಲ್ಪ ಅಡಿಕೆ ತೋಟ ಇದೆ. ಬಿ.ಪಿ.ಗೆ ಒಂದು ಮಾತ್ರೆ ಬಿಟ್ಟರೆ ಬೇರೆ ಔಷಧಿ ಇಲ್ಲ. ಹೊಟ್ಟೆನೋವಿಲ್ಲ, ತೂಕ ಇಳಿದಿಲ್ಲ, ಬೆಳಗಿನ ಕೆಲಸ ಗಡಿಯಾರದ ಹಾಗೆ. ಹಿಮೋಗ್ಲೋಬಿನ್ 13.6. ಮನೆಯಲ್ಲಿ ಯಾರಿಗೂ ಕರುಳಿನ ಕ್ಯಾನ್ಸರ್ ಬಂದಿದ್ದಿಲ್ಲ. ಹಳೇ ಮೂಲವ್ಯಾಧಿ ಇದೆ. ವರ್ಷಕ್ಕೊಂದೆರಡು ಸಲ, ಮಲಬದ್ಧತೆ ಆದಾಗ ಮಾತ್ರ ಒಂದು ಹನಿ ಕೆಂಪು ಕಾಣಿಸುತ್ತದೆ. (ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ.)

ಮಲದಲ್ಲಿ ರಕ್ತ ಹುಡುಕುವ ಪರೀಕ್ಷೆಯನ್ನು ಅವರು ಬೇಕೆಂದು ಮಾಡಿಸಿದ್ದಲ್ಲ. ಒಂದು ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಅದೂ ಸೇರಿತ್ತು. ನಮ್ಮ ದೇಶದ ಸರ್ಕಾರಿ ಕ್ಯಾನ್ಸರ್ ತಪಾಸಣೆಯಲ್ಲಿ ಇರುವುದು ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳು, ಈ ಮೂರೇ. ದೊಡ್ಡಕರುಳು ಅದರಲ್ಲಿಲ್ಲ, ಯಾಕೆಂದರೆ ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಈ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ಹಾಗಾಗಿ ಇಲ್ಲಿ ಈ ಪರೀಕ್ಷೆ ಹೀಗೇ, ಪ್ಯಾಕೇಜಿನ ಬಾಲಕ್ಕೆ ಅಂಟಿಕೊಂಡು ಬರುತ್ತದೆ. ಪಾಸಿಟಿವ್ ಬಂದರೆ ಮುಂದೇನು ಎಂದು ಹೇಳುವವರು ಆ ಪ್ಯಾಕೇಜಿನಲ್ಲಿ ಇರುವುದಿಲ್ಲ. ಮೇಷ್ಟ್ರ ಮಗಳು ಇರುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಐವತ್ತು ದಾಟಿದವರ ಮನೆಗೆ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆಯ ಕಿಟ್ ಅಂಚೆಯಲ್ಲಿ ಬರುತ್ತದೆ, ಪಾಸಿಟಿವ್ ಬಂದರೆ ಅವರೇ ಕರೆಸಿಕೊಂಡು, ಗುದದ್ವಾರದಿಂದ ಕ್ಯಾಮೆರಾ ಹಾಕಿ ದೊಡ್ಡಕರುಳನ್ನು ನೋಡುವ ಕೊಲೊನೋಸ್ಕೋಪಿಗೆ ಕಳಿಸುತ್ತಾರೆ. ರಜೆಗೆ ಊರಿಗೆ ಬಂದವಳು ಅಪ್ಪನ ಫೈಲು ತಿರುವಿ ಹಾಕಿದಾಗ ಸೆಪ್ಟೆಂಬರ್‌ನ ಆ ಕಾಗದ ಕಣ್ಣಿಗೆ ಬಿದ್ದಿದೆ.

ಮೊದಲ ಪಾಸಿಟಿವ್ ಬಂದಾಗ ಮೇಷ್ಟ್ರು ಊರಿನ ಒಬ್ಬ ವೈದ್ಯರಿಗೆ ತೋರಿಸಿದ್ದರು. "ಮೂಲವ್ಯಾಧಿ ಇದೆಯಲ್ಲ, ಅದರದ್ದೇ ಇರುತ್ತೆ. ಬೇಕಾದ್ರೆ ಇನ್ನೊಂದು ಸಲ ಮಾಡಿಸಿ" ಎಂದರಂತೆ ಅವರು. ಮೇಷ್ಟ್ರು ಮಾಡಿಸಿದರು, ನೆಗೆಟಿವ್ ಬಂತು, ಫೈಲು ಬೀರು ಸೇರಿತು. ತಪ್ಪು ಆಗಿದ್ದು ಇಲ್ಲಿ. ನನ್ನ ಹತ್ತಿರ ಬರುವ ಹತ್ತಾರು ಜನರಲ್ಲಿ ಇದೇ ತಪ್ಪನ್ನು ನೋಡಿದ್ದೇನೆ.

ಎರಡು ಕಾಗದ, ಎರಡು ಪರೀಕ್ಷೆ

ನಾನು ಎರಡೂ ರಿಪೋರ್ಟ್‌ಗಳ ಸಣ್ಣ ಅಕ್ಷರ ಓದಿದೆ. ಎರಡರ ತಲೆಬರಹವೂ 'ಸ್ಟೂಲ್ ಅಕಲ್ಟ್ ಬ್ಲಡ್' ಎಂದೇ ಇತ್ತು. ಅಕಲ್ಟ್ ಎಂದರೆ ಕಣ್ಣಿಗೆ ಕಾಣದ್ದು. ಆದರೆ ಪರೀಕ್ಷೆ ಮಾಡಿದ ರೀತಿ ಬೇರೆ ಬೇರೆ.

ಸೆಪ್ಟೆಂಬರ್‌ನಲ್ಲಿ ಮಾಡಿದ್ದು ಹೊಸ ಬಗೆಯದು. ಅದನ್ನು ಫಿಟ್ ಎನ್ನುತ್ತೇವೆ. ನಮ್ಮ ಕಡೆ ಹೆಚ್ಚಾಗಿ ಕೋವಿಡ್ ಕಿಟ್‌ನ ಹಾಗೆ ಎರಡು ಗೆರೆ ಮೂಡುವ ಪಟ್ಟಿಯಲ್ಲಿ ಮಾಡುತ್ತಾರೆ. ಮನುಷ್ಯರ ರಕ್ತದಲ್ಲಿರುವ ಗ್ಲೋಬಿನ್ ಎಂಬ ಪ್ರೋಟೀನನ್ನು ಮಾತ್ರ ಇದು ಗುರುತಿಸುತ್ತದೆ. ಹಾಗಾಗಿ ಹಿಂದಿನ ದಿನ ಮಟನ್ ತಿಂದಿದ್ದರೂ, ಕಬ್ಬಿಣದ ಮಾತ್ರೆ ನುಂಗಿದ್ದರೂ ಇದಕ್ಕೆ ಮೋಸವಾಗುವುದಿಲ್ಲ. ಹೊಟ್ಟೆಯ ಹುಣ್ಣಿನಿಂದ ಬಂದ ರಕ್ತವಾದರೆ ಅದರ ಗ್ಲೋಬಿನ್ ದಾರಿಯಲ್ಲೇ ಜೀರ್ಣವಾಗಿರುತ್ತದೆ. ಆದ್ದರಿಂದ ಫಿಟ್ ಪಾಸಿಟಿವ್ ಬಂದರೆ ಬೆರಳು ತೋರುವುದು ಬಹುಮಟ್ಟಿಗೆ ದೊಡ್ಡಕರುಳಿನ ಕಡೆಗೇ.

ಅಕ್ಟೋಬರ್‌ನಲ್ಲಿ ಬೇರೊಂದು ಲ್ಯಾಬಿನಲ್ಲಿ ಮಾಡಿದ್ದು ಹಳೇ ಗ್ವಾಯಾಕ್ ಪರೀಕ್ಷೆ. ಕಾಗದದ ಮೇಲೆ ಮಲ ಸವರಿ, ದ್ರಾವಣ ಹಾಕಿ, ನೀಲಿ ಬಣ್ಣ ಬರುತ್ತದಾ ಎಂದು ನೋಡುವುದು. ಇದಕ್ಕೆ ಪ್ರಾಣಿಯ ರಕ್ತ, ಮನುಷ್ಯರ ರಕ್ತ ಎಂಬ ಭೇದ ತಿಳಿಯದು. ಹಸಿ ಮೂಲಂಗಿ ತಿಂದರೂ ಪಾಸಿಟಿವ್ ಬರಬಹುದು. ವಿಟಮಿನ್ ಸಿ ಜಾಸ್ತಿ ಹೋದರೆ ಉಲ್ಟಾ, ರಕ್ತ ಇದ್ದರೂ ಬಣ್ಣ ಬರುವುದಿಲ್ಲ. ಮೂರು ದಿನದ ಮಲವನ್ನು ಬೇರೆ ಬೇರೆಯಾಗಿ ನೋಡಬೇಕಾದ ಪರೀಕ್ಷೆ ಇದು. ಇವರದ್ದು ಒಂದೇ ದಿನ ನೋಡಿದ್ದರು.

"ಆಗ ಏನಾದರೂ ವಿಟಮಿನ್ ಮಾತ್ರೆ ತಗೋತಿದ್ರಾ?"

"ಇಲ್ಲಪ್ಪ. ಮಾತ್ರೆ ಅಂದ್ರೆ ನನಗಾಗಲ್ಲ. ದಿನಾ ಬೆಳಿಗ್ಗೆ ಅರ್ಧ ಲೋಟ ನೆಲ್ಲಿಕಾಯಿ ರಸ ಅಷ್ಟೇ."

ನೆಲ್ಲಿಕಾಯಿಯಲ್ಲಿ ವಿಟಮಿನ್ ಸಿ ಹೇರಳವಾಗಿ ಇರುತ್ತದೆ. ನೆಗೆಟಿವ್ ಬಂದಿದ್ದು ಅದರಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಆ ಕಾಗದವನ್ನು ನಂಬದಿರಲು ಅದೊಂದೇ ಸಾಕು.

ಇಲ್ಲೊಂದು ಮಾತು ಸೇರಿಸಬೇಕು. ಫಿಟ್ ಕೂಡ ಮಾದರಿ ಹಿಡಿಯುವುದರಲ್ಲಿ ಕೆಡುತ್ತದೆ. ಮಲ ನೀರಿಗೆ ಬೀಳುವ ಮೊದಲು, ಕೆಳಗೆ ಕಾಗದ ಹಾಸಿ ಹಿಡಿಯಬೇಕು. ಕಿಟ್‌ನ ಕಡ್ಡಿಯಿಂದ ಮೇಲ್ಮೈಯನ್ನು ನಾಲ್ಕಾರು ಕಡೆ ಗೀರಿ, ದ್ರಾವಣವಿರುವ ಕೊಳವೆಗೆ ಹಾಕಿ ಮುಚ್ಚಬೇಕು. ಗ್ಲೋಬಿನ್‌ಗೆ ಬಿಸಿ ಆಗದು, ಒಡೆದುಹೋಗುತ್ತದೆ. ಬೆಳಿಗ್ಗೆ ಆರಕ್ಕೆ ಡಬ್ಬಿಯಲ್ಲಿ ಹಿಡಿದು, ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟು, ಸಂತೆ ಮುಗಿಸಿ ಮಧ್ಯಾಹ್ನ ಲ್ಯಾಬಿಗೆ ಕೊಟ್ಟರೆ, ಇದ್ದ ರಕ್ತವೂ ಕಾಣದೆ ಹೋಗಬಹುದು. ಮೂಲವ್ಯಾಧಿಯಿಂದ ಕಣ್ಣಿಗೆ ಕಾಣುವ ಹಾಗೆ ರಕ್ತ ಹೋಗುತ್ತಿರುವ ದಿನಗಳಲ್ಲಿ ಮಾದರಿ ಹಿಡಿಯಬಾರದು.

ಮೇಷ್ಟ್ರ ಲೆಕ್ಕ

"ಸರಿ, ಎರಡನೇದು ಸರಿಯಾಗಿ ಮಾಡಿಲ್ಲ ಅಂತಾಯ್ತು. ಹಾಗಾದ್ರೆ ಮೊದಲು ಮಾಡಿದ ಹೊಸ ಟೆಸ್ಟನ್ನೇ ಇವತ್ತು ಇನ್ನೊಂದು ಸಲ ಮಾಡಿ. ಅದು ನೆಗೆಟಿವ್ ಬಂದ್ರೆ ಮನೆಗೆ ಹೋಗಬಹುದಲ್ವಾ?"

ಒಳ್ಳೇ ಪ್ರಶ್ನೆ. ಉತ್ತರ, ಹೋಗುವ ಹಾಗಿಲ್ಲ. ಯಾಕೆ ಎಂದು ಗಣಿತದ ಮೇಷ್ಟ್ರಿಗೆ ಹೇಳುವುದು ಸುಲಭವಾಯಿತು.

ಪಾಲಿಪ್ ಎಂದರೆ ದೊಡ್ಡಕರುಳಿನ ಒಳಪದರದಲ್ಲಿ ಏಳುವ ಗಂಟು. ಅಣಬೆಯ ಹಾಗೆ ತೊಟ್ಟಿನ ಮೇಲೆ ನಿಂತಿರಬಹುದು, ಇಲ್ಲವೇ ಗೋಡೆಗೆ ಅಂಟಿದ ಹಪ್ಪಳದ ಹಾಗೆ ಚಪ್ಪಟೆ ಇರಬಹುದು. ಅದು ನಲ್ಲಿಯ ಹಾಗೆ ದಿನವೂ ತೊಟ್ಟಿಕ್ಕುವುದಿಲ್ಲ. ಗಟ್ಟಿ ಮಲ ಉಜ್ಜಿಕೊಂಡು ಹೋದ ದಿನ ಸ್ವಲ್ಪ ರಕ್ತ, ಆಮೇಲೆ ವಾರಗಟ್ಟಲೆ ಏನೂ ಇಲ್ಲ. ಇದರಿಂದ ಆಗುವುದೇನೆಂದರೆ, ಕ್ಯಾನ್ಸರ್ ಇದ್ದವರಲ್ಲಿ ಸುಮಾರು ನಾಲ್ಕರಲ್ಲಿ ಮೂವರನ್ನು ಒಂದೇ ಸಲದ ಫಿಟ್ ಹಿಡಿಯುತ್ತದೆ. ಆದರೆ ಕ್ಯಾನ್ಸರ್ ಆಗುವ ಮೊದಲಿನ ದೊಡ್ಡ ಪಾಲಿಪ್ ಇದ್ದವರಲ್ಲಿ ಅದು ಹಿಡಿಯುವುದು ನೂರಕ್ಕೆ ಇಪ್ಪತ್ತೈದರಿಂದ ನಲವತ್ತು ಜನರನ್ನು ಮಾತ್ರ.

ಮೇಷ್ಟ್ರು ಪೆನ್ನು ತೆಗೆದು ನನ್ನ ಪ್ಯಾಡನ್ನೇ ಎಳೆದುಕೊಂಡರು. "ಅಂದ್ರೆ ದೊಡ್ಡ ಪಾಲಿಪ್ ಇರೋ ನೂರು ಜನರಿಗೆ ಟೆಸ್ಟ್ ಮಾಡಿದ್ರೆ ಕಡಿಮೆ ಅಂದ್ರೂ ಅರವತ್ತು ಜನರಿಗೆ ನೆಗೆಟಿವ್ ಬರುತ್ತೆ. ಹಾಗಾದ್ರೆ ಒಂದು ಸಲ ಪಾಸಿಟಿವ್ ಬಂದವನಿಗೆ ಇನ್ನೊಂದು ಸಲ ನೆಗೆಟಿವ್ ಬಂದ್ರೆ, ಅದು ಪಾಲಿಪ್ ಇಲ್ಲ ಅನ್ನೋದಕ್ಕೆ ಸಾಕ್ಷಿ ಅಲ್ಲ. ಪಾಲಿಪ್ ಇದ್ದರೂ ಹಾಗೇ ಬರೋದು." ಸ್ವಲ್ಪ ಹೊತ್ತು ಕಾಗದ ನೋಡಿದರು. "ಇದನ್ನ ಅವತ್ತೇ ಯಾರಾದರೂ ಹೇಳಬಾರದಿತ್ತಾ?"

ಪಾಸಿಟಿವ್ ಬಂದವರಲ್ಲಿ ಬಹಳ ಜನಕ್ಕೆ ಕ್ಯಾನ್ಸರ್ ಇರುವುದಿಲ್ಲ, ಅದೂ ನಿಜ. ಎಷ್ಟೋ ಜನಕ್ಕೆ ಸಣ್ಣ ಪಾಲಿಪ್ ಇರುತ್ತದೆ, ಇಲ್ಲವೇ ಮೂಲವ್ಯಾಧಿ ಮಾತ್ರ, ಇಲ್ಲವೇ ಏನೂ ಸಿಗುವುದಿಲ್ಲ. ಆದರೆ ಯಾರು ಯಾವ ಗುಂಪಿನವರು ಎಂದು ಹೇಳಲು ಕ್ಯಾಮೆರಾ ಹಾಕಿ ನೋಡುವುದೊಂದೇ ದಾರಿ. ಮೂಲವ್ಯಾಧಿ ಇದ್ದವರ ಕರುಳಿಗೆ ಪಾಲಿಪ್ ಬರಬಾರದೆಂದು ಯಾರೂ ಕಟ್ಟಳೆ ಮಾಡಿಲ್ಲ. ಐವತ್ತು ದಾಟಿದವರಲ್ಲಿ ಎರಡೂ ಒಟ್ಟಿಗೆ ಇರುವುದು ಮಾಮೂಲು.

ಇನ್ನು ತಡದ ವಿಚಾರ. ಪಾಸಿಟಿವ್ ಬಂದವರು ಎಷ್ಟು ದಿನ ಕಾಯಬಹುದು ಎಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ದೊಡ್ಡ ಅಧ್ಯಯನ ನಡೆದು 2017ರಲ್ಲಿ ಪ್ರಕಟವಾಯಿತು. ಒಂಬತ್ತು ತಿಂಗಳೊಳಗೆ ಕೊಲೊನೋಸ್ಕೋಪಿ ಆದವರಲ್ಲಿ, ಒಂದೇ ತಿಂಗಳಲ್ಲಿ ಆದವರಿಗಿಂತ ಕ್ಯಾನ್ಸರ್ ಎದ್ದು ಕಾಣುವಷ್ಟು ಹೆಚ್ಚಿರಲಿಲ್ಲ. ಹತ್ತು ತಿಂಗಳು ದಾಟಿದ ಮೇಲೆ ಹೆಚ್ಚಿತ್ತು, ಮುಂದುವರಿದ ಹಂತದ್ದೂ ಹೆಚ್ಚಿತ್ತು. ಮೇಷ್ಟ್ರು ಒಂಬತ್ತನೇ ತಿಂಗಳಲ್ಲಿ ನನ್ನ ಮುಂದೆ ಕೂತಿದ್ದರು. ಗಾಬರಿ ಬಿದ್ದು ನಾಳೆಯೇ ಮಾಡಿಸಬೇಕಿಲ್ಲ, ಆದರೆ ಅಡಿಕೆ ಕೊಯ್ಲು ಮುಗಿಯಲಿ ಎಂದು ಕಾಯುವ ಹಾಗೂ ಇಲ್ಲ ಎಂದೆ.

ಒಂದು ಎಚ್ಚರಿಕೆ. ಇಷ್ಟೂ ಹೇಳಿದ್ದು ಯಾವ ತೊಂದರೆಯೂ ಇಲ್ಲದವರ ತಪಾಸಣೆಯ ಮಾತು. ಮಲದಲ್ಲಿ ರಕ್ತ ಪದೇ ಪದೇ ಕಾಣುತ್ತಿದ್ದರೆ, ಮಲ ಹೋಗುವ ರೀತಿ ವಾರಗಟ್ಟಲೆ ಬದಲಾಗಿದ್ದರೆ, ಸುಮ್ನೆ ತೂಕ ಇಳಿಯುತ್ತಿದ್ದರೆ, ಈ ವಯಸ್ಸಿನಲ್ಲಿ ಕಬ್ಬಿಣ ಕಡಿಮೆಯಾಗಿ ರಕ್ತಹೀನತೆ ಬಂದಿದ್ದರೆ, ಪ್ಯಾಕೇಜಿನ ಮಲ ಪರೀಕ್ಷೆ ನೆಗೆಟಿವ್ ಎಂದು ಸಮಾಧಾನ ಪಡಬಾರದು. ನೇರವಾಗಿ ವೈದ್ಯರನ್ನೇ ಕಾಣಬೇಕು.

ಕಳಲೆ ಪಲ್ಯ

ಕೊಲೊನೋಸ್ಕೋಪಿಯಲ್ಲಿ ರೋಗಿಯ ಪಾಲಿನ ಕಷ್ಟ ಕ್ಯಾಮೆರಾ ಹಾಕುವುದರಲ್ಲಿಲ್ಲ. ಅದಕ್ಕೆ ನಿದ್ದೆ ಬರುವ ಸೂಜಿ ಕೊಡುತ್ತೇವೆ. ಕಷ್ಟ ಇರುವುದು ಹೊಟ್ಟೆ ತೊಳೆಯುವುದರಲ್ಲಿ. ನಮ್ಮ ಕಷ್ಟವೂ ಅಲ್ಲೇ. ದೊಡ್ಡಕರುಳು ಸುಮಾರು ಒಂದೂವರೆ ಮೀಟರ್ ಉದ್ದದ, ಮಡಿಕೆ ಮಡಿಕೆಯಾದ ಕೊಳವೆ. ಐದು ಮಿಲಿಮೀಟರ್‌ನ ಗಂಟೊಂದು ಆ ಮಡಿಕೆಯ ಹಿಂದೆ ಕೂತಿರುತ್ತದೆ. ಅದರ ಮೇಲೆ ಒಂದು ಚಮಚ ಮಲ ಇದ್ದರೂ ಮುಗಿಯಿತು, ಕಾಣುವುದಿಲ್ಲ.

ಮೇಷ್ಟ್ರಿಗೆ ಎರಡು ಪುಟದ ಸೂಚನೆ ಕೊಟ್ಟಿದ್ದೆವು. ಮೂರು ದಿನ ಮೊದಲಿನಿಂದ ನಾರು, ಬೀಜ, ಸೊಪ್ಪು ಬೇಡ. ಅನ್ನ, ಇಡ್ಲಿ, ಮಜ್ಜಿಗೆ, ಮೊಟ್ಟೆ ಆಗಬಹುದು. ರಾಗಿ, ಸೀಬೆಹಣ್ಣು, ಬೀಜ ಇರುವ ಟೊಮೆಟೊ, ಒಗ್ಗರಣೆಯ ಸಾಸಿವೆ ಕರಿಬೇವು ಕೂಡ ಬೇಡ. ಸಾಸಿವೆ ಕಾಳು ಎಂದರೆ ನಗುತ್ತಾರೆ, ಆದರೆ ಕ್ಯಾಮೆರಾದ ಹೀರುಕೊಳವೆ ಕಟ್ಟಿಕೊಳ್ಳುವುದು ಇಂಥವುಗಳಿಂದಲೇ. ಹಿಂದಿನ ದಿನ ಎಳನೀರು, ಸೋಸಿದ ತಿಳಿಸಾರು, ಹಾಲು ಹಾಕದ ಟೀ. ಆಮೇಲೆ ಹೊಟ್ಟೆ ತೊಳೆಯುವ ಪಿ.ಇ.ಜಿ. ಪುಡಿ ಕಲಸಿದ ಎರಡು ಲೀಟರ್ ನೀರನ್ನು ಎರಡು ಪಾಲು ಮಾಡಿ, ಒಂದು ಲೀಟರ್ ಹಿಂದಿನ ಸಂಜೆ, ಇನ್ನೊಂದು ಲೀಟರ್ ಅದೇ ದಿನ ಬೆಳಗಿನ ಜಾವ. ಕಬ್ಬಿಣದ ಮಾತ್ರೆಯನ್ನು ವಾರ ಮೊದಲೇ ನಿಲ್ಲಿಸಬೇಕು, ಮಲವನ್ನು ಕಪ್ಪಗೆ ಅಂಟಂಟಾಗಿಸುತ್ತದೆ. ರಕ್ತ ತೆಳ್ಳಗಾಗುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸಬಾರದು, ಕೇಳಿಯೇ ಬದಲಿಸಬೇಕು.

ಮೇಷ್ಟ್ರು ಕೊನೇ ಪುಟ ಮಾತ್ರ ಓದಿದ್ದರು. ಎರಡು ದಿನ ಮುಂಚೆ ಮನೆಯಲ್ಲಿ ಆ ವರ್ಷದ ಮೊದಲ ಕಳಲೆ ಪಲ್ಯ ಆಗಿತ್ತು. ಮಲೆನಾಡಿನವರಿಗೆ ಮಳೆಗಾಲದ ಮೊದಲ ಕಳಲೆ ಬಿಡಿ ಎಂದರೆ ಬಿಡುತ್ತಾರಾ? ಬಿದಿರಿನ ಮೊಳಕೆಗಿಂತ ನಾರಿನ ಪದಾರ್ಥ ಹುಡುಕುವುದು ಕಷ್ಟ. ಜೊತೆಗೆ, ಬೆಳಿಗ್ಗೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರಬೇಕಲ್ಲ, ದಾರಿಯಲ್ಲಿ ಅವಸರವಾದರೆ ಏನು ಗತಿ ಎಂದು ಎರಡೂ ಲೀಟರ್ ಹಿಂದಿನ ಸಂಜೆಯೇ ಕುಡಿದು ಮುಗಿಸಿದ್ದರು. ಈ ಭಯವನ್ನು ತಪ್ಪು ಎನ್ನಲಾರೆ. ದೂರದವರಿಗೆ ನಾವೇ ಆಸ್ಪತ್ರೆ ಹತ್ತಿರ ಹಿಂದಿನ ರಾತ್ರಿ ಉಳಿಯಲು ಹೇಳಬೇಕಿತ್ತು. ಹೇಳಿರಲಿಲ್ಲ.

ಬೆಳಿಗ್ಗೆ ಹನ್ನೊಂದೂವರೆಗೆ ಕ್ಯಾಮೆರಾ ಹಾಕಿದೆ. ಎಡಭಾಗ ಪರವಾಗಿಲ್ಲ. ಗುದದ್ವಾರದಿಂದ 25 ಸೆಂಟಿಮೀಟರ್ ಒಳಗೆ, ಸಿಗ್ಮಾಯ್ಡ್ ಎಂಬ ಭಾಗದಲ್ಲಿ, ತೊಟ್ಟಿನ ಮೇಲೆ ತೂಗುತ್ತಿದ್ದ ಕೆಂಪು ಗಂಟು ಕಂಡಿತು. ತಲೆ ದೊಡ್ಡದು, ಸುಮಾರು 22 ಮಿಲಿಮೀಟರ್. ಸೆಪ್ಟೆಂಬರ್‌ನ ಪಾಸಿಟಿವ್‌ಗೆ ಕಾರಣ ಇದೇ ಇರಬೇಕು. ಮುಂದೆ ಹೋದ ಹಾಗೆ ಸ್ಥಿತಿ ಕೆಟ್ಟಿತು. ಬಲಭಾಗದ ಗೋಡೆಗೆಲ್ಲಾ ಹಸಿರು ಹಳದಿ ಲೇಪ, ನಡುನಡುವೆ ಕಳಲೆಯ ನಾರು. ಹಿಂದಿನ ಸಂಜೆ ಎಲ್ಲ ಕುಡಿದರೆ ಹೀಗೇ ಆಗುತ್ತದೆ. ರಾತ್ರಿಯಿಡೀ ಸಣ್ಣಕರುಳಿನಿಂದ ಪಿತ್ತರಸ ಇಳಿದು ಬಲಭಾಗದಲ್ಲಿ ಪದರ ಕಟ್ಟುತ್ತದೆ. ಬೆಳಗಿನ ಆ ಒಂದು ಲೀಟರ್ ಇರುವುದು ಅದನ್ನು ತೊಳೆಯಲಿಕ್ಕೆ.

ಎಷ್ಟು ಸ್ವಚ್ಛ ಇದೆ ಎಂದು ಅಂಕ ಕೊಡುವ ಪದ್ಧತಿ ಇದೆ, ಬಾಸ್ಟನ್ ಸ್ಕೇಲ್ ಎನ್ನುತ್ತಾರೆ. ಬಲ, ನಡು, ಎಡ ಎಂದು ಮೂರು ಭಾಗ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ. ಒಂದೊಂದು ಭಾಗಕ್ಕೂ ಕನಿಷ್ಠ ಎರಡು ಇರಬೇಕು. ಮೇಷ್ಟ್ರಿಗೆ ಬಲಕ್ಕೆ ಒಂದು, ನಡುವಿಗೆ ಎರಡು, ಎಡಕ್ಕೆ ಎರಡು. ಒಟ್ಟು ಐದು. ಫೇಲು.

ಎಚ್ಚರವಾದ ಮೇಲೆ ಹೇಳಿದೆ. "ಸಿಕ್ಕಿತಲ್ಲ ಡಾಕ್ಟ್ರೇ, ಅದನ್ನು ಕತ್ತರಿಸಿ ಕಳಿಸಿಬಿಡಿ" ಎಂದರು. ಒಂದು ಸಿಕ್ಕಿದ್ದಕ್ಕೆ ಇನ್ನೊಂದಿಲ್ಲ ಎಂದಾಗುವುದಿಲ್ಲ. ದೊಡ್ಡ ಪಾಲಿಪ್ ಇದ್ದವರಲ್ಲಿ ಬೇರೆಡೆಯೂ ಇರುವ ಸಾಧ್ಯತೆ ಜಾಸ್ತಿಯೇ. ಹೇಗೂ ಮತ್ತೆ ತಯಾರಾಗಿ ಬರಬೇಕು, ಕತ್ತರಿಸುವ ಕೆಲಸವನ್ನೂ ಶುಚಿಯಾದ ಕರುಳಿನಲ್ಲಿ ಒಟ್ಟಿಗೆ ಮಾಡೋಣ ಎಂದೆ. ರಿಪೋರ್ಟಿನಲ್ಲಿ 'ಅಪೂರ್ಣ, ಮತ್ತೆ ಮಾಡಬೇಕು' ಎಂದು ಬರೆದೆ.

ಓದುವವರಿಗೆ ಒಂದು ಮಾತು. ನಿಮ್ಮ ಕೊಲೊನೋಸ್ಕೋಪಿ ರಿಪೋರ್ಟಿನಲ್ಲಿ 'ನಾರ್ಮಲ್' ಎಂಬ ಪದಕ್ಕಿಂತ ಮೊದಲು ಎರಡು ವಿಷಯ ಹುಡುಕಿ. ಕರುಳು ಎಷ್ಟು ಸ್ವಚ್ಛ ಇತ್ತು? ಕ್ಯಾಮೆರಾ ಸೀಕಮ್‌ವರೆಗೆ, ಅಂದರೆ ದೊಡ್ಡಕರುಳಿನ ಕೊನೇ ಮೂಲೆಯವರೆಗೆ ಹೋಗಿತ್ತಾ? ಹೋಗಿದ್ದರೆ ಅಪೆಂಡಿಕ್ಸಿನ ಬಾಯಿಯ ಫೋಟೋ ಇರುತ್ತದೆ. ಈ ಎರಡೂ ಇಲ್ಲದ 'ನಾರ್ಮಲ್', ಅರ್ಧ ಮನೆ ಹುಡುಕಿ ಕಳ್ಳ ಇಲ್ಲ ಎಂದ ಹಾಗೆ.

ಎರಡನೇ ಸಲ ಕಂಡಿದ್ದು

ಹನ್ನೊಂದು ದಿನ ಬಿಟ್ಟು ಮತ್ತೆ ಬಂದರು. ಹಿಂದಿನ ರಾತ್ರಿ ಆಸ್ಪತ್ರೆ ಹತ್ತಿರದ ಲಾಡ್ಜಿನಲ್ಲಿ ಉಳಿದು, ಬೆಳಗಿನ ಜಾವ ಎದ್ದು ಎರಡನೇ ಲೀಟರ್ ಕುಡಿದಿದ್ದರು. ಈ ಸಲ ಮೂರೂ ಭಾಗಕ್ಕೆ ಮೂರು ಮೂರು, ಒಂಬತ್ತಕ್ಕೆ ಒಂಬತ್ತು. "ಶೇಕಡಾ ನೂರು" ಎಂದು ಆಮೇಲೆ ಹೆಮ್ಮೆಪಟ್ಟರು.

ಕ್ಯಾಮೆರಾವನ್ನು ಕೊನೆಯವರೆಗೆ ತಳ್ಳುವುದು ಅರ್ಧ ಕೆಲಸ. ನೋಡುವುದು ನಿಜವಾಗಿ ವಾಪಸ್ ಎಳೆಯುವಾಗ, ಒಂದೊಂದೇ ಮಡಿಕೆ ಬಿಡಿಸಿ, ನಿಧಾನವಾಗಿ. ಹಾಗೆ ಎಳೆಯುವಾಗ ಬಲಭಾಗದಲ್ಲಿ ಒಂದು ಮಡಿಕೆಯ ಮೇಲೆ ಹಳದಿ ಲೋಳೆ ಅಂಟಿಕೊಂಡಿದ್ದು ಕಂಡಿತು. ನೀರು ಹಾರಿಸಿದರೆ ಅದರ ಕೆಳಗೆ ಮಸುಕು ಬಣ್ಣದ, ಚಪ್ಪಟೆ, ಎಂಟು ಮಿಲಿಮೀಟರ್‌ನ ಗಂಟು. ಮೊದಲ ಸಲ ಇದರ ಮೇಲೆಯೇ ಕ್ಯಾಮೆರಾ ಹಾಯಿಸಿದ್ದೆ, ಲೇಪದಲ್ಲಿ ಗೊತ್ತೇ ಆಗಿರಲಿಲ್ಲ. ಇದು ಸೆರೇಟೆಡ್ ಬಗೆಯದು. ಗರಗಸದ ಹಲ್ಲಿನ ಹಾಗೆ ಸೂಕ್ಷ್ಮದರ್ಶಕದಲ್ಲಿ ಕಾಣುವುದರಿಂದ ಆ ಹೆಸರು. ಈ ಜಾತಿ ರಕ್ತ ಸುರಿಸುವುದೇ ಅಪರೂಪ, ಹಾಗಾಗಿ ಮಲ ಪರೀಕ್ಷೆಗೆ ಸಿಗುವುದಿಲ್ಲ. ಮೇಷ್ಟ್ರ ಪಾಸಿಟಿವ್ ಬಂದಿದ್ದು ಇನ್ನೊಂದು ಪಾಲಿಪ್‌ನಿಂದ, ಆದರೆ ಅದರ ನೆಪದಲ್ಲಿ ಇದೂ ಸಿಕ್ಕಿಬಿತ್ತು.

ಚಪ್ಪಟೆಯದನ್ನು ತಂತಿಯ ಉರುಳು ಹಾಕಿ, ಕರೆಂಟ್ ಕೊಡದೆ, ಸುತ್ತಲಿನ ಒಂದಿಷ್ಟು ಒಳ್ಳೇ ಪದರದ ಸಮೇತ ಕತ್ತರಿಸಿದೆ. ಕರುಳಿನ ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವುದಿಲ್ಲ. ದೊಡ್ಡದರ ತೊಟ್ಟಿನಲ್ಲಿ ರಕ್ತನಾಳ ಇರುತ್ತದೆ, ಆದ್ದರಿಂದ ಮೊದಲು ತೊಟ್ಟಿಗೆ ಔಷಧಿ ಚುಚ್ಚಿ, ಕರೆಂಟ್ ಹಾಯಿಸಿ ಒಂದೇ ತುಂಡಾಗಿ ಕತ್ತರಿಸಿ, ಉಳಿದ ಮೋಟಿಗೆ ಒಂದು ಕ್ಲಿಪ್ ಹಾಕಿದೆ. ಗುದನಾಳದಲ್ಲಿ ಇನ್ನು ಮೂರು ಬಿಳಿ ಚುಕ್ಕೆಗಳಂಥವು ಇದ್ದವು, ಎರಡು ಮೂರು ಮಿಲಿಮೀಟರ್‌ನವು. ಒಂದನ್ನು ಪರೀಕ್ಷೆಗೆ ಚಿವುಟಿದೆ, ಅಷ್ಟೇ.

ಅಪಾಯ ಇಲ್ಲವೇ ಎಂದರೆ ಇದೆ. ತಪಾಸಣೆಯ ಕೊಲೊನೋಸ್ಕೋಪಿಯಲ್ಲಿ ಕರುಳಿಗೆ ತೂತು ಬೀಳುವುದು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಜೋರಾಗಿ ರಕ್ತ ಹೋಗುವುದು ಸಾವಿರಕ್ಕೆ ಒಂದೆರಡು, ಅದೂ ಹೆಚ್ಚಾಗಿ ಪಾಲಿಪ್ ಕತ್ತರಿಸಿದವರಲ್ಲಿ. ದೊಡ್ಡ ಪಾಲಿಪ್ ತೆಗೆದವರಲ್ಲಿ ಈ ಲೆಕ್ಕ ಏರುತ್ತದೆ. ಆ ರಕ್ತ ಅವತ್ತೇ ಬರಬೇಕೆಂದಿಲ್ಲ, ಎರಡು ವಾರದವರೆಗೂ ಬರಬಹುದು. ಮೇಷ್ಟ್ರಿಗೆ ಮುಂದಿನ ವಾರ ಮುಂಬೈಯಲ್ಲಿ ಮದುವೆ ಇತ್ತು. "ರೈಲಿನಲ್ಲಿ ರಾತ್ರಿ ರಕ್ತ ಹೋದ್ರೆ ಯಾರನ್ನು ಕೇಳ್ತೀರಿ?" ಎಂದೆ. ಮದುವೆಗೆ ಹೆಂಡತಿ ಒಬ್ಬರೇ ಹೋಗಿ ಬಂದರು.

ಬಯಾಪ್ಸಿ ಕಾಗದ

ಆರು ದಿನಕ್ಕೆ ರಿಪೋರ್ಟ್ ಬಂತು. ಮೇಷ್ಟ್ರು ನನಗಿಂತ ಮೊದಲೇ ಅದನ್ನು ಫೋನಿನಲ್ಲಿ ಓದಿ, 'ಡಿಸ್‌ಪ್ಲೇಸಿಯಾ' ಎಂಬ ಪದ ಹುಡುಕಿ, ರಾತ್ರಿ ನಿದ್ದೆಗೆಟ್ಟಿದ್ದರು.

ದೊಡ್ಡ ಗಂಟಿನದ್ದು 'ಟ್ಯುಬ್ಯುಲೋವಿಲ್ಲಸ್ ಅಡೆನೋಮಾ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ'. ತೊಟ್ಟಿನ ಅಂಚು ಸ್ವಚ್ಛ. ಡಿಸ್‌ಪ್ಲೇಸಿಯಾ ಎಂದರೆ ಜೀವಕೋಶಗಳು ತಮ್ಮ ಸಾಲು ಬಿಟ್ಟು ಅಡ್ಡಾದಿಡ್ಡಿ ಬೆಳೆದಿವೆ ಎಂದರ್ಥ. ಅದು ಕ್ಯಾನ್ಸರ್ ಅಲ್ಲ. ಅಡೆನೋಮಾ ಎಂದು ಕರೆಸಿಕೊಳ್ಳುವ ಪ್ರತಿ ಪಾಲಿಪ್‌ನಲ್ಲೂ ಕಡಿಮೆ ದರ್ಜೆಯ ಡಿಸ್‌ಪ್ಲೇಸಿಯಾ ಇದ್ದೇ ಇರುತ್ತದೆ, ಇಲ್ಲದಿದ್ದರೆ ಅದು ಅಡೆನೋಮಾವೇ ಅಲ್ಲ. ಮೇಲಿನ ದರ್ಜೆ ಇದ್ದರೆ ಕ್ಯಾನ್ಸರ್‌ಗೆ ಇನ್ನಷ್ಟು ಹತ್ತಿರ, ಆದರೂ ಪೂರ್ತಿ ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತದೆ. 'ವಿಲ್ಲಸ್' ಎಂದರೆ ಬೆರಳಿನಂಥ ಎಳೆಗಳಿರುವುದು. ಅಂಥವು ಸ್ವಲ್ಪ ಹೆಚ್ಚು ತಂಟೆಯವು.

ಗುದನಾಳದ ಚುಕ್ಕೆ 'ಹೈಪರ್‌ಪ್ಲಾಸ್ಟಿಕ್'. ಆ ಜಾಗದಲ್ಲಿ, ಅಷ್ಟು ಸಣ್ಣದಾಗಿದ್ದರೆ ಅದು ನಿರುಪದ್ರವಿ. ಅದನ್ನು ಮರೆತುಬಿಡಿ ಎಂದೆ. ಬಲಭಾಗದ ಸೆರೇಟೆಡ್‌ನಲ್ಲಿ ಡಿಸ್‌ಪ್ಲೇಸಿಯಾ ಇರಲಿಲ್ಲ.

"ತೆಗೆಯದೇ ಬಿಟ್ಟಿದ್ರೆ ಕ್ಯಾನ್ಸರ್ ಆಗ್ತಿತ್ತಾ?" ಖಂಡಿತ ಆಗುತ್ತಿತ್ತು ಎಂದು ಹೆದರಿಸುವುದು ಸುಲಭ, ಆದರೆ ಅದು ಸುಳ್ಳು. ಪಾಲಿಪ್ ತೆಗೆಯುವ ಸಲಕರಣೆ ಇನ್ನೂ ರೂಢಿಗೆ ಬರದ ಕಾಲದಲ್ಲಿ, ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಪಾಲಿಪ್ ಇದ್ದು ತೆಗೆಸದೆ ಉಳಿದವರನ್ನು ಅಮೆರಿಕದ ಮೇಯೋ ಕ್ಲಿನಿಕ್‌ನವರು ಹಿಂಬಾಲಿಸಿ ನೋಡಿ 1987ರಲ್ಲಿ ಬರೆದರು. ಅದೇ ಜಾಗದಲ್ಲಿ ಕ್ಯಾನ್ಸರ್ ಆಗಿದ್ದು ಐದು ವರ್ಷದಲ್ಲಿ ನೂರಕ್ಕೆ ಎರಡೂವರೆ, ಹತ್ತು ವರ್ಷದಲ್ಲಿ ಎಂಟು, ಇಪ್ಪತ್ತು ವರ್ಷದಲ್ಲಿ ಇಪ್ಪತ್ನಾಲ್ಕು. ಅಂದರೆ ಹೆಚ್ಚಿನವು ಕ್ಯಾನ್ಸರ್ ಆಗಲಿಲ್ಲ, ಆದವು ನಿಧಾನವಾಗಿ ಆದವು. ಆ ನಿಧಾನದಿಂದಲೇ ತಪಾಸಣೆಗೆ ಅವಕಾಶ ಸಿಗುವುದು. ಇಷ್ಟು ವರ್ಷ ಬಾಳುವ ನಿರೀಕ್ಷೆ ಇದ್ದವರಿಗೆ ಅದರಿಂದ ಲಾಭ.

ಇದನ್ನು ಕೇಳಿ ಮೇಷ್ಟ್ರಿಗೆ ತಾಯಿಯ ನೆನಪಾಯಿತು. "ಅಮ್ಮನಿಗೆ 84. ಅವರಿಗೂ ಒಂದ್ಸಲ ಮಾಡಿಸಲಾ?" ಬೇಡ ಎಂದೆ. 75ರವರೆಗೆ ತಪಾಸಣೆಗೆ ಅರ್ಥ ಇದೆ. ಆಮೇಲೆ ಆರೋಗ್ಯ ನೋಡಿ ಯೋಚಿಸಬೇಕು. ಆ ವಯಸ್ಸಿನಲ್ಲಿ ಎರಡು ಲೀಟರ್ ಭೇದಿ ನೀರು ಕುಡಿಸಿ, ರಾತ್ರಿ ಬಚ್ಚಲಿಗೆ ಓಡುವಾಗ ಜಾರಿ ಬಿದ್ದರೆ, ಮುಂದೆಂದೋ ಬರಬಹುದಾದ ಕ್ಯಾನ್ಸರ್‌ಗಿಂತ ಅದೇ ದೊಡ್ಡ ಅನಾಹುತ.

ಮುಂದಿನ ಕೊಲೊನೋಸ್ಕೋಪಿ ಮೂರು ವರ್ಷಕ್ಕೆ, 2027ರಲ್ಲಿ. ಹತ್ತು ಮಿಲಿಮೀಟರ್ ಮುಟ್ಟಿದ, ಇಲ್ಲವೇ ವಿಲ್ಲಸ್ ಎಳೆ ಇರುವ ಅಡೆನೋಮಾ ಸಿಕ್ಕರೆ ಮೂರು ವರ್ಷ. ಒಂದೆರಡು ಸಣ್ಣ ಅಡೆನೋಮಾ ಮಾತ್ರ ಸಿಕ್ಕಿದ್ದರೆ ಏಳರಿಂದ ಹತ್ತು ವರ್ಷ ಬಿಡಬಹುದಿತ್ತು. ದೊಡ್ಡದನ್ನು ಚೂರು ಚೂರಾಗಿ ತೆಗೆಯಬೇಕಾಗಿ ಬಂದಿದ್ದರೆ ಆರೇ ತಿಂಗಳಿಗೆ ಮತ್ತೆ ನೋಡಬೇಕಿತ್ತು. ಕರುಳು ಸ್ವಚ್ಛ ಇದ್ದು, ಪೂರ್ತಿ ನೋಡಿದ್ದರೆ ಮಾತ್ರ ಈ ಲೆಕ್ಕ. ನಡುವಿನ ವರ್ಷಗಳಲ್ಲಿ ಮಲ ಪರೀಕ್ಷೆ ಬೇಕಾ ಎಂದು ಕೇಳಿದರು. ಬೇಡ, ಈಗ ಅದು ನಿಮಗೆ ಸುಮ್ನೆ ಗೊಂದಲ ಎಂದೆ. ಮುಂದಿನ ಚೆಕಪ್‌ನಲ್ಲಿ ಅದನ್ನು ಬಿಟ್ಟು ಉಳಿದಿದ್ದಕ್ಕೆ ಮಾತ್ರ ದುಡ್ಡು ತಗೊಳ್ಳಿ ಎಂದು ಮೇಷ್ಟ್ರು ಲ್ಯಾಬಿನವರ ಹತ್ತಿರ ಚೌಕಾಸಿ ಮಾಡಿದರಂತೆ. ಪ್ಯಾಕೇಜ್ ಒಡೆಯಲಾಗುವುದಿಲ್ಲ ಎಂದರಂತೆ.

ಇನ್ನು ಒಡಹುಟ್ಟಿದವರು, ಮಕ್ಕಳು. ದೊಡ್ಡ ಅಡೆನೋಮಾ ಸಿಕ್ಕವರ ಹತ್ತಿರದ ರಕ್ತಸಂಬಂಧಿಗಳಿಗೆ ತಪಾಸಣೆ ನಲವತ್ತಕ್ಕೇ ಶುರುವಾಗಬೇಕು. ಸಿಕ್ಕಾಗ ಅವರ ವಯಸ್ಸು ಅರವತ್ತಕ್ಕಿಂತ ಕಡಿಮೆ ಇದ್ದಿದ್ದರೆ ಮನೆಯವರಿಗೆ ಐದು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿಯನ್ನೇ ಹೇಳುತ್ತಿದ್ದೆ. ಮೇಷ್ಟ್ರಿಗೆ 61 ಆಗಿತ್ತು. ಹಾಗಾಗಿ ಮಗಳಿಗೂ ಮಗನಿಗೂ ನಲವತ್ತು ತುಂಬುವವರೆಗೆ ಕಾಯಬಹುದು. 54ರ ತಮ್ಮನಿಗೆ ಕೊಲೊನೋಸ್ಕೋಪಿಯೂ ಆಗಬಹುದು, ವರ್ಷ ವರ್ಷ ಫಿಟ್ ಕೂಡ ಆಗಬಹುದು.

ಎರಡು ಲೀಟರ್ ಕಥೆ ಕೇಳಿದ ತಮ್ಮ ಫಿಟ್ ಸಾಕು ಎಂದರು. ಆಗಸ್ಟ್‌ನಲ್ಲಿ ಮಾಡಿಸಿದರು. ಮಾದರಿ ಹಿಡಿಯುವುದು ಹೇಗೆ ಎಂದು ಅಣ್ಣನೇ ಫೋನಿನಲ್ಲಿ ಪಾಠ ಹೇಳಿ, ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡ ಎಂದು ಎರಡು ಸಲ ಎಚ್ಚರಿಸಿದ್ದರಂತೆ. ನೆಗೆಟಿವ್ ಬಂತು.

ಕಾಗದ ತೋರಿಸಲು ಇಬ್ಬರೂ ಒಟ್ಟಿಗೆ ನನ್ನ ಹತ್ತಿರ ಬಂದಿದ್ದರು. "ನೆಗೆಟಿವ್ ಬಂತಲ್ಲ, ಇನ್ನೇನು?" ಎಂದರು ತಮ್ಮ.

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ನನ್ನ ಪ್ಯಾಡನ್ನು ಎಳೆದುಕೊಂಡಿದ್ದರು. "ಬಾ ಇಲ್ಲಿ. ದೊಡ್ಡ ಪಾಲಿಪ್ ಇರೋ ನೂರು ಜನ ಅಂತ ಇಟ್ಕೋ."